ಪ್ಯಾಚ್‌ಬೇ ಕೂಗ್ತಿದೆ ಅಂದ ಗದಗದ ತಮ್ಮನಿಗೆ

«ಗದಗದಲ್ಲಿ ಮನೆ ಮೇಲಿನ ರೂಮಲ್ಲಿ ಚಿಕ್ಕ ಸ್ಟುಡಿಯೋ ಮಾಡ್ಕೊಂಡಿದ್ದೀನಿ. 8 ಇನ್ 8 ಔಟ್ ಇಂಟರ್‌ಫೇಸ್, ಒಂದು ಸ್ಟೀರಿಯೋ ಸಿಂಥ್, ಒಂದು ಮೋನೋ ಸಿಂಥ್, ಒಂದು ಸ್ಟೀರಿಯೋ ಕಂಪ್ರೆಸರ್, ಒಂದು ಹಳೇ ರಿವರ್ಬ್. 48 ಪಾಯಿಂಟಿನ ಪ್ಯಾಚ್‌ಬೇ ತಂದೆ. ಕಂಪ್ರೆಸರ್ ಔಟ್ ಮೇಲೆ, ಅದರ ಇನ್ ಸರಿಯಾಗಿ ಕೆಳಗೆ ಹಾಕಿದೆ. ಆನ್ ಮಾಡಿದ್ರೆ ಕುಯ್ಯೋ ಅಂತ ಕೂಗುತ್ತೆ. ನಾರ್ಮಲ್, ಹಾಫ್ ನಾರ್ಮಲ್, ಥ್ರೂ ಅಂತ ಸ್ವಿಚ್ ಇದೆ, ಯಾವುದು ಎಲ್ಲಿಗೆ? ಸಿಂಥ್ ರೆಕಾರ್ಡ್ ಮಾಡುವಾಗ ಕಂಪ್ರೆಸರ್ ಬೇಕು ಅಂದ್ರೆ ಪ್ರತಿ ಸಲ ಹಿಂದೆ ಕೈ ಹಾಕೋದು ತಪ್ಪಬೇಕು.»

ತಮ್ಮ, ಮೊದಲು ಕಂಪ್ರೆಸರ್ ಆಫ್ ಮಾಡಿ. ಕೂಗುವುದು ಪ್ಯಾಚ್‌ಬೇ ತಪ್ಪಲ್ಲ, ಅದು ಎಲ್ಲಾ ಯಂತ್ರಗಳ ಇನ್, ಔಟ್‌ಗಳನ್ನು ಒಂದೇ ಕಡೆ ತರುವ ಜ್ಯಾಕಿನ ಡಬ್ಬಿ ಅಷ್ಟೇ. ಸ್ವಿಚ್ ನಾರ್ಮಲ್ ಅಥವಾ ಹಾಫ್ ನಾರ್ಮಲ್‌ನಲ್ಲಿದ್ದರೆ ಮೇಲಿನ ಜ್ಯಾಕ್ ಮತ್ತು ಅದರ ಕೆಳಗಿನ ಜ್ಯಾಕ್, ಮುಂದೆ ಏನೂ ಚುಚ್ಚದಿದ್ದರೂ, ಒಳಗೆ ತಾವೇ ಕೂಡಿಕೊಂಡಿರುತ್ತವೆ. ನೀವು ಕಂಪ್ರೆಸರ್‌ನ ಬಾಯಿಯನ್ನು ಅದರದೇ ಕಿವಿಗೆ ಕಟ್ಟಿದ್ದೀರಿ. ಗೇನ್ ಸ್ವಲ್ಪ ಏರಿಸಿದರೂ ಸದ್ದು ಸುತ್ತಿ ಸುತ್ತಿ ಬೆಳೆಯುತ್ತದೆ. ರಿವರ್ಬನ್ನು ಹೀಗೆ ಕಟ್ಟಿದ್ದರೂ ಇದೇ ಕಥೆ. ಹೊಸಬರು ಎಷ್ಟೋ ಮಂದಿ ಮೊದಲ ದಿನ ಇದನ್ನೇ ಮಾಡುತ್ತಾರೆ, ನಾನೂ ಮಾಡಿದ್ದೆ. ಒಂದು ಯಂತ್ರದ ಔಟ್ ಮತ್ತು ಇನ್ ಒಂದರ ಕೆಳಗೆ ಒಂದು ಇದ್ದರೆ ನೋಡಲಿಕ್ಕೆ ಚೆಂದ ಅನ್ನಿಸುತ್ತದೆ, ಅಷ್ಟೇ.

ಜೋಡಿ ಹಾಕುವಾಗ ಯಂತ್ರ ನೋಡಬೇಡಿ, ಸದ್ದು ಹರಿಯುವ ದಾರಿ ನೋಡಿ. ಸದ್ದು ಎಲ್ಲಿಂದ ಬರುತ್ತದೋ ಅದು ಮೇಲೆ. ಸುಮ್ನೆ ಬಿಟ್ಟರೆ ಅದು ಎಲ್ಲಿಗೆ ಹೋಗಬೇಕೋ ಅದು ಕೆಳಗೆ. ನಿಮ್ಮ ಸಾಮಾನಿಗೆ ನಾನಾದರೆ ಹೀಗೆ ಹಾಕುತ್ತಿದ್ದೆ. ಇಂಟರ್‌ಫೇಸಿನ 1, 2 ಮೈಕಿಗೆ ಇರಲಿ, ಅವು ಪ್ಯಾಚ್‌ಬೇಗೆ ಬರುವುದೇ ಬೇಡ. 1 ಮತ್ತು 2ನೇ ಜೋಡಿ: ಮೇಲೆ ಸ್ಟೀರಿಯೋ ಸಿಂಥ್ ಎಡ, ಬಲ, ಕೆಳಗೆ ಇಂಟರ್‌ಫೇಸಿನ ಲೈನ್ ಇನ್ 3, 4. 3ನೇ ಜೋಡಿ: ಮೇಲೆ ಮೋನೋ ಸಿಂಥ್, ಕೆಳಗೆ ಲೈನ್ ಇನ್ 5. ನಾಲ್ಕನೆಯದು ಖಾಲಿ ಬಿಡಿ, ಕಣ್ಣಿಗೆ ಗಡಿ ಇರಲಿ. 5, 6: ಮೇಲೆ ಇಂಟರ್‌ಫೇಸಿನ ಔಟ್ 3, 4, ಕೆಳಗೆ ಕಂಪ್ರೆಸರ್ ಇನ್. 7, 8: ಮೇಲೆ ಕಂಪ್ರೆಸರ್ ಔಟ್, ಕೆಳಗೆ ಲೈನ್ ಇನ್ 7, 8. ಕಂಪ್ರೆಸರ್‌ನ ಇನ್ ಒಂದು ಕಡೆ, ಔಟ್ ಇನ್ನೊಂದು ಕಡೆ ಹೋಯಿತು ನೋಡಿ, ಕೂಗು ನಿಂತಿತು. 9, 10: ಮೇಲೆ ಇಂಟರ್‌ಫೇಸಿನ ಔಟ್ 5, 6, ಕೆಳಗೆ ರಿವರ್ಬ್ ಇನ್. 11, 12ರ ಮೇಲೆ ರಿವರ್ಬ್ ಔಟ್, ಕೆಳಗೆ ಏನೂ ಇಲ್ಲ.

ಏನೂ ಇಲ್ಲ ಯಾಕೆ ಅಂದರೆ, ನಿಮ್ಮ ಹತ್ತಿರ ಇನ್ನು ಉಳಿದಿರುವುದು ಲೈನ್ ಇನ್ 6 ಒಂದೇ. ಸ್ಟೀರಿಯೋ ರಿವರ್ಬಿಗೆ ಎರಡು ಬೇಕು. ಆ ಜೋಡಿಗಳನ್ನು ಥ್ರೂ ಮಾಡಿಬಿಡಿ, ಅಂದರೆ ಮೇಲಿನದೂ ಕೆಳಗಿನದೂ ಒಳಗೆ ಕೂಡದಂತೆ. ರಿವರ್ಬ್ ಬೇಕಾಗುವುದು ಹೆಚ್ಚಾಗಿ ಮಿಕ್ಸ್ ಮಾಡುವಾಗ, ಆಗ ಸಿಂಥ್ ರೆಕಾರ್ಡ್ ಆಗಿ ಮುಗಿದಿರುತ್ತದೆ. 11, 12ರ ಮೇಲಿನಿಂದ 1, 2ರ ಕೆಳಗೆ ಎರಡು ಕೇಬಲ್ ಚುಚ್ಚಿ. ಸಿಂಥ್ ತಾನಾಗಿ ಕಡಿಯುತ್ತದೆ, ರಿವರ್ಬ್ ಲೈನ್ ಇನ್ 3, 4ಕ್ಕೆ ಬರುತ್ತದೆ. ಕೇಬಲ್ ಕಿತ್ತರೆ ಸಿಂಥ್ ವಾಪಸ್. ಮಾನಿಟರ್ ಸ್ಪೀಕರಿನ ಔಟ್ 1, 2 ಕೂಡ ಪ್ಯಾಚ್‌ಬೇಗೆ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ತರುವವರೂ ಇದ್ದಾರೆ. ರಾತ್ರಿ ಹನ್ನೊಂದಕ್ಕೆ ತಪ್ಪು ತೂತಿಗೆ ಪ್ಲಗ್ ಹಾಕಿ ಟ್ವೀಟರ್ ಕಳೆದುಕೊಂಡ ಮೇಲೆ ನಾನು ಬಿಟ್ಟೆ.

ಈಗ ಈ ಗುಂಪಲ್ಲಿ ಹುಬ್ಬಳ್ಳಿ ಅಣ್ಣ ನಿಮಗೆ ಬರೆದ ಉತ್ತರಕ್ಕೆ ಬರ್ತೀನಿ. «ಎಲ್ಲಾ ಫುಲ್ ನಾರ್ಮಲ್ ಇಡು, ಚುಚ್ಚಿದರೆ ಕಡೀತದ, ಗೊಂದಲ ಇಲ್ಲ» ಅಂದಿದ್ದಾರೆ. ಅರ್ಧ ಸರಿ. ನಿಮ್ಮ ಸ್ವಿಚ್ಚಿನ ನಾರ್ಮಲ್ ಅಂದರೆ ಇದೇ ಫುಲ್ ನಾರ್ಮಲ್, ಅದರಲ್ಲಿ ಮೇಲೆ ಚುಚ್ಚಿದರೂ ಕಡಿಯುತ್ತದೆ, ಕೆಳಗೆ ಚುಚ್ಚಿದರೂ ಕಡಿಯುತ್ತದೆ. ಹಾಫ್ ನಾರ್ಮಲ್‌ನಲ್ಲಿ ಕೆಳಗೆ ಚುಚ್ಚಿದರೆ ಮಾತ್ರ ಕಡಿಯುತ್ತದೆ. ಮೇಲೆ ಚುಚ್ಚಿದರೆ ಸದ್ದು ಎರಡು ಕವಲಾಗುತ್ತದೆ, ಹಳೆಯ ದಾರಿ ಹಾಗೇ ಇರುತ್ತದೆ. ನಿಮ್ಮ ಪ್ರಶ್ನೆಗೆ ಈ ಕವಲೇ ಉತ್ತರ, ಉಳಿದ ಜೋಡಿಗಳನ್ನು ಹಾಫ್ ನಾರ್ಮಲ್ ಇಡಿ.

ನಿಮ್ಮ ಸ್ಟೀರಿಯೋ ಸಿಂಥನ್ನೇ ತಗೊಳ್ಳಿ. 1, 2ರ ಮೇಲಿನಿಂದ 5, 6ರ ಕೆಳಗೆ ಎರಡು ಗಿಡ್ಡ ಕೇಬಲ್ ಹಾಕಿ. ಕೆಲಸ ಅಷ್ಟೇ. 5, 6ರ ಕೆಳಗೆ ಚುಚ್ಚಿದ್ದರಿಂದ ಕಂಪ್ಯೂಟರಿನಿಂದ ಕಂಪ್ರೆಸರ್‌ಗೆ ಬರುತ್ತಿದ್ದ ದಾರಿ ಕಡಿಯಿತು, ಅಲ್ಲಿ ಸಿಂಥ್ ಕೂತಿತು. ಕಂಪ್ರೆಸರ್‌ನ ಔಟ್ ಮೊದಲೇ ಲೈನ್ ಇನ್ 7, 8ಕ್ಕೆ ಕೂಡಿದೆ, ಅದಕ್ಕೆ ಬೇರೆ ಕೇಬಲ್ ಬೇಡ. ಸಿಂಥ್‌ನ ಹಳೆಯ ದಾರಿಯೂ ಇದೆ, ಹಾಗಾಗಿ 3, 4ರಲ್ಲಿ ಹಸಿ ಸದ್ದು, 7, 8ರಲ್ಲಿ ಒತ್ತಿದ ಸದ್ದು, ಎರಡೂ ಒಂದೇ ಸಲ ರೆಕಾರ್ಡ್ ಆಗುತ್ತವೆ. ಕಂಪ್ರೆಸರ್ ಜಾಸ್ತಿ ಆಯಿತು ಅಂತ ಮರುದಿನ ಅನ್ನಿಸಿದರೆ ಹಸಿ ಸದ್ದು ಕೈಯಲ್ಲಿರುತ್ತದೆ. ಕೀಬೋರ್ಡ್ ನುಡಿಸಿದವರು ಅಷ್ಟೊತ್ತಿಗೆ ಮುಂಡರಗಿ ಬಸ್ ಹತ್ತಿ ಹೋಗಿರುತ್ತಾರೆ, ಮತ್ತೆ ಕರೆಯೋದು ಎಲ್ಲಿಂದ? ಅದೇ ಜೋಡಿ ಫುಲ್ ನಾರ್ಮಲ್ ಇದ್ದರೆ ಮೇಲೆ ಚುಚ್ಚಿದ ಕೂಡಲೇ 3, 4 ಸತ್ತುಹೋಗುತ್ತಿತ್ತು.

ಒಂದು ಔಟನ್ನು ಎರಡು ಇನ್‌ಗೆ ಹಂಚಿದರೆ ಸದ್ದು ಇಳಿಯುವುದಿಲ್ಲವಾ ಅಂತ ಕೇಳಬಹುದು. ಇಳಿಯುತ್ತದೆ, ಆದರೆ ಕಿವಿಗೆ ಗೊತ್ತಾಗದಷ್ಟು. ಸಿಂಥ್ ಔಟ್ 1 ಕಿಲೋಓಮ್, ಇನ್ ಒಂದೊಂದು 10 ಕಿಲೋಓಮ್ ಅಂತ ಹಿಡಿದರೂ ಮುಕ್ಕಾಲು ಡಿಬಿ ಕಡಿಮೆಯಾಗುತ್ತದೆ ಅಷ್ಟೇ. ಕವಲು ಹೊಡೆದಾಗ ಕಂಪ್ರೆಸರ್ ಆನ್ ಇರಲೇಬೇಕು. ಕೆಲವು ಯಂತ್ರ ಆಫ್ ಇದ್ದಾಗ ಅವುಗಳ ಇನ್ ಸಿಗ್ನಲ್ ಹಿಂಡುತ್ತದೆ, 3, 4ರ ಹಸಿ ಸದ್ದೂ ಒಡೆದಂತೆ ಕೇಳುತ್ತದೆ. ಉಲ್ಟಾ ಮಾತ್ರ ಮಾಡಬೇಡಿ: ಎರಡು ಔಟ್ ಸೇರಿಸಿ ಒಂದು ಇನ್‌ಗೆ ಕೊಡಲಿಕ್ಕೆ ಪ್ಯಾಚ್‌ಬೇ ಅಲ್ಲ, ಮಿಕ್ಸರ್ ಬೇಕು.

ಇನ್ನೆರಡು ಎಡವುವ ಜಾಗ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್‌ನಲ್ಲಿ 3, 4 ಮತ್ತು 7, 8 ಎರಡೂ ತೆರೆದಿದ್ದರೆ ಹೆಡ್‌ಫೋನಿನಲ್ಲಿ ಕಂಪ್ರೆಸರ್ ಕೆಲಸವೇ ಮಾಡುತ್ತಿಲ್ಲ ಅನ್ನಿಸುತ್ತದೆ, ಹಸಿ ಸದ್ದು ಮುಚ್ಚಿಬಿಡುತ್ತದೆ. 3, 4 ಮ್ಯೂಟ್ ಮಾಡಿ ಕೇಳಿ. ಮತ್ತೆ, ಕೇಬಲ್ ಕಿತ್ತ ಮೇಲೆ 7, 8ರ ಟ್ರ್ಯಾಕನ್ನು ಔಟ್ 3, 4ಕ್ಕೆ ಕಳಿಸಿ ಮಾನಿಟರ್ ಒತ್ತಿದರೆ ಮೊದಲ ದಿನದ ಕೂಗು ಈ ಸಲ ಕಂಪ್ಯೂಟರ್ ಸುತ್ತಿ ಬರುತ್ತದೆ. ಮಿಕ್ಸ್‌ನಲ್ಲಿ ಕಂಪ್ರೆಸರ್ ಬೇಕಾದರೆ REAPER ಸಾಫ್ಟ್‌ವೇರ್ ಬಳಸುವವರು ಅದರ ReaInsert ಪ್ಲಗಿನ್ ಹಾಕಿ ಅದರಲ್ಲೇ ಔಟ್ 3, 4, ಇನ್ 7, 8 ಆರಿಸಿಕೊಳ್ಳಿ, ಹೋಗಿ ಬರುವ ತಡವನ್ನೂ ಅದು ಸರಿದೂಗಿಸುತ್ತದೆ. ಮುಂದೆ ಒಂದು ಕೇಬಲ್ಲೂ ಬೇಡ.

ಇದೇ ಪ್ರಶ್ನೆಗೆ ಹಾವೇರಿ ಸರ್ ಹೇಳಿದ, ಹಲವು ತಂತಿ ಒಂದೇ ಕವಚದಲ್ಲಿರುವ ಸ್ನೇಕ್ ಕೇಬಲ್ ಪೆಂಡಾಲಿನ ಸ್ಟೇಜಿಗೆ ಸರಿ, ಇಲ್ಲಿ ಪ್ರಶ್ನೆ ಅದಲ್ಲ. ಆದರೆ ಅವರು «ಮೈಕ್‌ಗಳನ್ನೂ ಇದರಲ್ಲೇ ತಗೊಂಡುಬಿಡು» ಅಂದದ್ದಕ್ಕೆ ಮಾತ್ರ ಬೇಡ ಅಂತೀನಿ. ಮೈಕಿಗೆ ಕರೆಂಟ್ ಕೊಡುವ ಫ್ಯಾಂಟಮ್ ಆನ್ ಇದ್ದರೆ ಆ ತಂತಿಯಲ್ಲಿ 48 ವೋಲ್ಟ್ ಇರುತ್ತದೆ. ಈ ದಪ್ಪ ಪ್ಲಗ್ ಒಳಗೆ ಜಾರುವಾಗ ತುದಿ, ಉಂಗುರ, ಬುಡ ಮೂರೂ ಒಂದು ಕ್ಷಣ ತಪ್ಪು ಕಡೆ ಮುಟ್ಟುತ್ತವೆ. ಪ್ರೀಆಂಪ್ ಸುಡಬಹುದು.

ಸ್ವಿಚ್ ಬಗ್ಗೆ. ಕೆಲವು ಪ್ಯಾಚ್‌ಬೇಯಲ್ಲಿ ಮೋಡ್ ಸ್ವಿಚ್ ಡಬ್ಬಿಯ ನೆತ್ತಿಯ ಮೇಲೆ ಇರುತ್ತವೆ. ರ‍್ಯಾಕಿಗೆ ಬಿಗಿದು ಮೇಲೆ ಇನ್ನೊಂದು ಯಂತ್ರ ಕೂರಿಸಿದರೆ ಬೆರಳು ಹೋಗುವುದಿಲ್ಲ. ಕೆಲವದರಲ್ಲಿ ಸ್ವಿಚ್ಚೇ ಇಲ್ಲ, ಒಳಗಿನ ಚಿಕ್ಕ ಬೋರ್ಡನ್ನು ತಿರುಗಿಸಿ ಹಾಕಬೇಕು. ಅದಕ್ಕೇ ಸ್ಕ್ರೂ ಬಿಗಿಯುವ ಮೊದಲು ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಹಿಂದುಗಡೆ ಮೇಲಿನ ಜ್ಯಾಕಿನ ತುದಿಗೂ ಕೆಳಗಿನದರ ತುದಿಗೂ ಹಚ್ಚಿ. ಹಿಂದೆ ಒಂದೊಂದು ಕೇಬಲ್ ಚುಚ್ಚಿಕೊಂಡು ಅವುಗಳ ಇನ್ನೊಂದು ತುದಿಗೆ ಮೀಟರ್ ಹಚ್ಚಿದರೆ ಸಲೀಸು. ಬೀಪ್ ಬಂದರೆ ಕೂಡಿದೆ, ಬರದಿದ್ದರೆ ಥ್ರೂ. ಈಗ ಮುಂದೆ ಮೇಲಿನ ತೂತಿಗೆ ಖಾಲಿ ಪ್ಲಗ್ ಹಾಕಿ. ಬೀಪ್ ನಿಲ್ಲದಿದ್ದರೆ ಹಾಫ್, ನಿಂತರೆ ಫುಲ್. ಕೆಳಗೆ ಹಾಕಿದರೆ ಎರಡರಲ್ಲೂ ನಿಲ್ಲಬೇಕು. ಹನ್ನೆರಡು ಜೋಡಿಗೆ ಹತ್ತು ನಿಮಿಷ.

ಈ ಪರೀಕ್ಷೆ ಮುಂದೆಯೂ ಬೇಕಾಗುತ್ತದೆ. ಹೋದ ಮಳೆಗಾಲದಲ್ಲಿ ಧಾರವಾಡದ ನನ್ನ ರೂಮಲ್ಲಿ ಸಿಂಥ್‌ನ ಎಡಗಡೆ ಒಮ್ಮೆ ಬರುವುದು, ಒಮ್ಮೆ ಚರಚರ ಅನ್ನುವುದು. ಸಿಂಥ್ ಔಟ್ ಹೋಯಿತು ಅಂದುಕೊಂಡೆ. ಹಿಂದಿನ ಕೇಬಲ್ ಎರಡೂ ಬದಲಿಸಿದೆ, ಬೆನ್ನು ಹಿಡಿಯಿತು, ಚರಚರ ಹೋಗಲಿಲ್ಲ. ಬೇಜಾರಲ್ಲಿ 1ರ ಮೇಲಿನಿಂದ 1ರ ಕೆಳಗೇ ಒಂದು ಕೇಬಲ್ ಚುಚ್ಚಿದೆ. ಸದ್ದು ಗಂಟೆ ಹೊಡೆದಂತೆ ಬಂತು! ಕೇಬಲ್ ಹಾಕಿದರೆ ಸರಿ, ಕಿತ್ತರೆ ಕೆಡುತ್ತದೆ ಅಂದರೆ ತಪ್ಪು ಜ್ಯಾಕಿನ ಒಳಗಿನ ಚಿಕ್ಕ ಲೋಹದ ಪಟ್ಟಿಯದು. ನಾರ್ಮಲ್ ಸಂಪರ್ಕ ನಿಂತಿರುವುದೇ ಅದರ ಮೇಲೆ, ತಿಂಗಳುಗಟ್ಟಲೆ ಯಾರೂ ಮುಟ್ಟದೆ ಅದಕ್ಕೆ ಪೊರೆ ಕಟ್ಟಿರುತ್ತದೆ. ಪ್ಲಗ್ ಹತ್ತು ಹದಿನೈದು ಸಲ ಒಳಗೆ ಹೊರಗೆ ಮಾಡಿದೆ, ಸರಿಹೋಯಿತು. ಎರಡು ವಾರಕ್ಕೆ ಮತ್ತೆ ಬಂತು. ಆಗ ಕಾಂಟ್ಯಾಕ್ಟ್ ಕ್ಲೀನರನ್ನು ಪ್ಲಗ್ಗಿಗೆ ಹೊಡೆದು, ಒರೆಸದೆ, ಅದೇ ಪ್ಲಗ್ಗಿನಿಂದ ತಿಕ್ಕಿದೆ. ಅಲ್ಲಿಂದ ಇಲ್ಲಿಯವರೆಗೆ ಕೆಟ್ಟಿಲ್ಲ. ತೂತಿನೊಳಗೆ ಡಬ್ಬಿ ಬಗ್ಗಿಸಿ ಸುರಿಯಬೇಡಿ, ಧೂಳು ಕಲಸಿ ಕೆಸರಾಗುತ್ತದೆ. ಗದಗದ ಗಾಳಿಗೆ ಧೂಳಿನ ಕೊರತೆಯಂತೂ ಇಲ್ಲ. ಬಳಸದಾಗ ಮುಂದೆ ಬಟ್ಟೆ ಇಳಿಬಿಡಿ.

ಕೊನೆಗೆ ಗುಂಯ್ ಅನ್ನುವ ಹಮ್. ನೀವು ಕೇಳಿಲ್ಲ, ಆದರೆ ಸಿಂಥನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಕಟ್ಟಿದ ದಿನ ಕೇಳುತ್ತೀರಿ. ಈ ಗುಂಪಲ್ಲೇ ಹಿಂದೊಮ್ಮೆ ಯಾರೋ «ಪ್ಲಗ್ಗಿನ ಅರ್ತ್ ಪಿನ್ ಕಿತ್ತುಬಿಡು» ಅಂದಿದ್ದರು. ದಯವಿಟ್ಟು ಬೇಡ, ರ‍್ಯಾಕಿನ ಕಬ್ಬಿಣಕ್ಕೇ ಕರೆಂಟ್ ಬಂದೀತು. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಸಿಂಥ್‌ಗೂ ಪ್ಯಾಚ್‌ಬೇಗೂ ನಡುವೆ ಹಾಕಿದ ಮೇಲೆ ನನ್ನ ಒಂದು ಸಿಂಥ್ ಪೂರ್ತಿ ಶಾಂತವಾಯಿತು. ಆಗ ಆ ಸಿಗ್ನಲ್ ಮೈಕ್ ಮಟ್ಟಕ್ಕೆ ಇಳಿಯುತ್ತದೆ, ಹಾಗಾಗಿ ಅದನ್ನು ಪ್ರೀಆಂಪ್‌ಗೆ ಕೊಟ್ಟು ಪ್ರೀಆಂಪ್‌ನ ಔಟನ್ನು ಪ್ಯಾಚ್‌ಬೇಗೆ ತಂದೆ. ಇನ್ನೊಂದು ಸಿಂಥ್ ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದಾಗ ಈಗಲೂ ಕುಂಯ್ ಅನ್ನುತ್ತದೆ. ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸ್ತೀನಿ. ಯಾರಿಗಾದರೂ ಬೇರೆ ದಾರಿ ಸಿಕ್ಕಿದ್ದರೆ ಬರೀರಿ.

ತಮ್ಮ, ಕಂಪ್ರೆಸರ್ ಹಿಂಬದಿಯ ಒಂದು ಫೋಟೋ ಹಾಕಿ. ಅಲ್ಲಿ ಸಿಗ್ನಲ್ ಮಟ್ಟ ಆರಿಸುವ +4, -10 ಅಂತ ಸ್ವಿಚ್ ಇದ್ದರೆ ಈಗ ಯಾವ ಕಡೆ ಇದೆ ನೋಡೋಣ. ಸಿಂಥ್ ವಾಲ್ಯೂಮ್ ಅರ್ಧಕ್ಕಿಟ್ಟು ಸ್ವಿಚ್ +4ರಲ್ಲಿದ್ದರೆ ಕಂಪ್ರೆಸರ್ ಮುಳ್ಳು ಅಲ್ಲಾಡುವುದೇ ಇಲ್ಲ, ಆಗ ಮತ್ತೆ ಪ್ಯಾಚ್‌ಬೇಯನ್ನೇ ಬೈತೀರಿ.