ಕಾಳುಮೆಣಸು, ವನಸ್ಪತಿ ಮತ್ತು ಎರಡು ಬಗೆಯ ವ್ಯಾಪಾರ ಒಪ್ಪಂದ

ಪ್ರಶ್ನೆ: ಫ್ರೀ ಟ್ರೇಡ್ ಏರಿಯಾಗೂ ಕಸ್ಟಮ್ಸ್ ಯೂನಿಯನ್‌ಗೂ ನಿಜವಾಗಿ ವ್ಯತ್ಯಾಸ ಏನು? ಎರಡರಲ್ಲೂ ಒಳಗೆ ಸುಂಕ ಇಲ್ಲ ಅಂತಾರೆ. ಟ್ರೇಡ್ ಕ್ರಿಯೇಷನ್, ಟ್ರೇಡ್ ಡೈವರ್ಷನ್ ಓದಿದ್ರೂ ತಲೆಗೆ ಹತ್ತುತ್ತಿಲ್ಲ. ನಮ್ಮ ಕಡೆಯ ಉದಾಹರಣೆ ಇದ್ದರೆ ಹೇಳ್ತೀರಾ?

ಉತ್ತರ:

ಒಪ್ಪಂದದ ಹೊರಗಿರುವ ದೇಶದ ಸರಕಿಗೆ ಸುಂಕ ನಿಗದಿ ಮಾಡುವವರು ಯಾರು? ಇದನ್ನು ಕೇಳಿಕೊಂಡರೆ ಮೊದಲ ಪ್ರಶ್ನೆ ಬಗೆಹರಿಯುತ್ತದೆ. ಫ್ರೀ ಟ್ರೇಡ್ ಏರಿಯಾದಲ್ಲಿ ಪ್ರತಿ ದೇಶ ತನ್ನ ಸುಂಕ ತಾನೇ ಇಟ್ಟುಕೊಳ್ಳುತ್ತದೆ. ಕಸ್ಟಮ್ಸ್ ಯೂನಿಯನ್‌ನಲ್ಲಿ ಎಲ್ಲ ಸದಸ್ಯರೂ ಹೊರಗಿನವರಿಗೆ ಒಂದೇ ಸುಂಕ ಹಾಕಬೇಕು. ಯುರೋಪಿಯನ್ ಯೂನಿಯನ್‌ನಲ್ಲಿ ಸರಕು ಆಂಟ್‌ವರ್ಪ್‌ನಲ್ಲಿ ಇಳಿದರೂ ಹ್ಯಾಂಬರ್ಗ್‌ನಲ್ಲಿ ಇಳಿದರೂ ಸುಂಕ ಅಷ್ಟೇ. ಭಾರತ ಮತ್ತು ಶ್ರೀಲಂಕಾ ನಡುವೆ ಇರುವುದು ಮೊದಲನೆಯ ಬಗೆ. 1998ರ ಡಿಸೆಂಬರ್‌ನಲ್ಲಿ ಸಹಿಯಾಯಿತು, 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನಾನು ಮಂಗಳೂರಿನಲ್ಲಿ ಆಮದು ದಾಖಲೆಗಳ ಕೆಲಸ ಮಾಡಿದವನು, ಹಾಗಾಗಿ ಈ ಒಪ್ಪಂದದ ಕಾಗದಪತ್ರ ಸ್ವಲ್ಪ ಗೊತ್ತು.

ಮೊದಲು ಕ್ರಿಯೇಷನ್ ಮತ್ತು ಡೈವರ್ಷನ್. ಈ ಎರಡನ್ನು ಬೇರೆ ಮಾಡಿ ತೋರಿಸಿದ್ದು ಜೇಕಬ್ ವೈನರ್ ಎಂಬ ಅರ್ಥಶಾಸ್ತ್ರಜ್ಞ, 1950ರಲ್ಲಿ. ಕಾಳುಮೆಣಸನ್ನೇ ಹಿಡಿದು ಲೆಕ್ಕ ಮಾಡೋಣ. ಬೆಲೆಗಳು ನಾನು ಲೆಕ್ಕದ ಸುಲಭಕ್ಕೆ ಇಟ್ಟುಕೊಂಡಿದ್ದು, ಮಾರುಕಟ್ಟೆಯ ದರವಲ್ಲ. ಒಂದು ಕಿಲೋ ಮೆಣಸು ನಮ್ಮ ಬಂದರಿಗೆ ತಲುಪುವಾಗ ವಿಯೆಟ್ನಾಂನದ್ದು 300 ರೂಪಾಯಿ, ಶ್ರೀಲಂಕಾದ್ದು 400. ನಮ್ಮ ಕೊಡಗಿನ ಬೆಳೆಗಾರನಿಗೆ ಬೆಳೆದು ಮಾರಲು 550 ಬೇಕು.

ಎಲ್ಲರಿಗೂ ಶೇ 70 ಸುಂಕ ಇದೆ ಎಂದುಕೊಳ್ಳಿ. ವಿಯೆಟ್ನಾಂ ಮೆಣಸು 510 ಆಗುತ್ತದೆ, ಶ್ರೀಲಂಕಾದ್ದು 680. ವ್ಯಾಪಾರಿ ವಿಯೆಟ್ನಾಂನದ್ದನ್ನೇ ತರಿಸುತ್ತಾನೆ. ಕಿಲೋಗೆ 210 ರೂಪಾಯಿ ಸರ್ಕಾರದ ಖಜಾನೆಗೆ ಹೋಗುತ್ತದೆ. ಈಗ ಶ್ರೀಲಂಕಾಕ್ಕೆ ಮಾತ್ರ ಸುಂಕ ತೆಗೆದುಹಾಕಿ. ಅದರ ಮೆಣಸು 400ಕ್ಕೆ ಸಿಗುತ್ತದೆ, ವಿಯೆಟ್ನಾಂನದ್ದು 510ರಲ್ಲೇ ನಿಂತಿದೆ. ವ್ಯಾಪಾರಿ ಶ್ರೀಲಂಕಾ ಕಡೆ ತಿರುಗುತ್ತಾನೆ. ಕೊಳ್ಳುವವರಿಗೆ ಕಿಲೋಗೆ 110 ರೂಪಾಯಿ ಉಳಿಯಿತು. ಆದರೆ ಖಜಾನೆಗೆ ಬರುತ್ತಿದ್ದ 210 ನಿಂತುಹೋಯಿತು. ಮೊದಲು ತರಿಸುತ್ತಿದ್ದ ಪ್ರತಿ ಕಿಲೋಗೂ ದೇಶಕ್ಕೆ 100 ರೂಪಾಯಿ ನಷ್ಟ. ಆ 100 ಎಲ್ಲಿಂದ ಬಂತು? 300ಕ್ಕೆ ಕೊಡುವವನನ್ನು ಬಿಟ್ಟು 400ಕ್ಕೆ ಕೊಡುವವನ ಹತ್ತಿರ ಹೋದೆವಲ್ಲ, ಅದೇ ವ್ಯತ್ಯಾಸ. ಇದು ಟ್ರೇಡ್ ಡೈವರ್ಷನ್. ಅಂಗಡಿಯಲ್ಲಿ ಬೆಲೆ ಇಳಿದಿರುತ್ತದೆ, ಎಲ್ಲರೂ ಖುಷಿಯಾಗಿರುತ್ತಾರೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ಬೆಲೆ ಇಳಿದಿದ್ದರಿಂದ ಜನ ಇನ್ನಷ್ಟು ಮೆಣಸು ಕೊಂಡರೆ ಅದರಲ್ಲಿ ಒಂದಿಷ್ಟು ಲಾಭ ಇದೆ. ಅದು ಈ ನಷ್ಟವನ್ನು ತುಂಬುತ್ತದೋ ಇಲ್ಲವೋ ಎನ್ನುವುದು ಬೇಡಿಕೆ ಎಷ್ಟು ಹೆಚ್ಚುತ್ತದೆ ಎನ್ನುವುದರ ಮೇಲೆ ನಿಂತಿದೆ.

ಈಗ ಒಂದೇ ಒಂದು ಅಂಕಿ ಬದಲಿಸಿ. ಸುಂಕ ಶೇ 70ರ ಬದಲು ಶೇ 100 ಇತ್ತು ಅನ್ನಿ. ವಿಯೆಟ್ನಾಂನದ್ದು 600, ಶ್ರೀಲಂಕಾದ್ದು 800. ಇಬ್ಬರೂ ನಮ್ಮ 550ರ ಮುಂದೆ ನಿಲ್ಲುವುದಿಲ್ಲ. ಆಮದೇ ಇಲ್ಲ, ಖಜಾನೆಗೂ ಏನೂ ಬರುತ್ತಿಲ್ಲ. ಶ್ರೀಲಂಕಾಕ್ಕೆ ಸುಂಕ ತೆಗೆದರೆ 550ರ ಜಾಗದಲ್ಲಿ 400ರ ಮೆಣಸು ಬರುತ್ತದೆ. ಕಳೆದುಕೊಳ್ಳಲು ಸುಂಕದ ಹಣವೇ ಇರಲಿಲ್ಲ. ಹಾಗಾಗಿ ಕಿಲೋಗೆ 150 ರೂಪಾಯಿಯ ಖರ್ಚು ನಿಜವಾಗಿ ಉಳಿಯಿತು. ಇದು ಟ್ರೇಡ್ ಕ್ರಿಯೇಷನ್.

ಗಮನಿಸಿ, ದೇಶಗಳು ಅವೇ, ಬೆಲೆಗಳು ಅವೇ, ಒಪ್ಪಂದವೂ ಅದೇ. ಹಳೆಯ ಸುಂಕ ಎಷ್ಟಿತ್ತು ಎನ್ನುವುದೊಂದೇ ಬದಲಾಗಿದ್ದು. ಆದ್ದರಿಂದ ‘ಈ ಒಪ್ಪಂದ ಒಳ್ಳೆಯದೋ ಕೆಟ್ಟದ್ದೋ’ ಎಂದು ಯಾರಾದರೂ ಸರಕಿನ ಹೆಸರು, ಸುಂಕದ ದರ ಏನೂ ಕೇಳದೆ ತೀರ್ಪು ಕೊಟ್ಟರೆ ನಾನು ನಂಬುವುದಿಲ್ಲ. ಇನ್ನೊಂದು ಮಾತು. ಅರ್ಥಶಾಸ್ತ್ರದವರು ಲಾಭ ಎಂದು ಬರೆದುಕೊಳ್ಳುವ ಆ ಎರಡನೆಯ ಲೆಕ್ಕದಲ್ಲೇ ಕೊಡಗಿನ ಬೆಳೆಗಾರ ಮಾರುಕಟ್ಟೆ ಕಳೆದುಕೊಳ್ಳುವುದು. ಆ 150 ರೂಪಾಯಿ ಕೊಳ್ಳುವವರ ಜೇಬಿಗೆ ಹೋಗುತ್ತದೆ, ಅವನ ಜೇಬಿಗಲ್ಲ. ಅವನು ಸಿಟ್ಟಾದರೆ ತಪ್ಪಿಲ್ಲ, ಅಲ್ವಾ?

ಇಷ್ಟರವರೆಗೆ ನಾವು ಶ್ರೀಲಂಕಾ ಮೆಣಸು ನಿಜವಾಗಿ ಶ್ರೀಲಂಕಾದಲ್ಲೇ ಬೆಳೆದದ್ದು ಎಂದುಕೊಂಡೆವು. ಫ್ರೀ ಟ್ರೇಡ್ ಏರಿಯಾದ ತಲೆನೋವು ಶುರುವಾಗುವುದೇ ಇಲ್ಲಿ. ಎರಡು ದೇಶಗಳ ಹೊರಸುಂಕ ಬೇರೆ ಬೇರೆ ಇದ್ದರೆ, ಮೂರನೆಯವನು ಸುಂಕ ಕಡಿಮೆ ಇರುವ ಬಾಗಿಲಿನಿಂದ ಒಳಗೆ ಬಂದು, ಅಲ್ಲಿಂದ ಸುಂಕವಿಲ್ಲದೆ ಈಚೆ ದಾಟುತ್ತಾನೆ. ಇದನ್ನು ಟ್ರೇಡ್ ಡಿಫ್ಲೆಕ್ಷನ್ ಅನ್ನುತ್ತಾರೆ. ಡೈವರ್ಷನ್ ಜೊತೆ ಇದನ್ನು ಬೆರೆಸಬೇಡಿ. ಪರೀಕ್ಷೆಯಲ್ಲಿ ಬೆರೆಸುವವರೇ ಜಾಸ್ತಿ.

ಇದಕ್ಕೆ ವನಸ್ಪತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವನಸ್ಪತಿ ಅಂದರೆ ಡಾಲ್ಡಾದಂಥ ಗಟ್ಟಿ ಅಡುಗೆ ಎಣ್ಣೆ, ಅದನ್ನು ಮಾಡಲು ತಾಳೆ ಎಣ್ಣೆ ಬೇಕು. ಅದು ಬರುವುದು ಮಲೇಷ್ಯಾ, ಇಂಡೊನೇಷ್ಯಾದಿಂದ. ಕಚ್ಚಾ ತಾಳೆ ಎಣ್ಣೆಗೆ ಭಾರತದ ಸುಂಕ ಮೊದಲೇ ಹೆಚ್ಚಿತ್ತು, 2005ರ ಬಜೆಟ್‌ನಲ್ಲಿ ಅದು ಶೇ 80ಕ್ಕೆ ಏರಿತು. ಶ್ರೀಲಂಕಾದಲ್ಲಿ ಅದು ಎಷ್ಟೋ ಕಡಿಮೆ ಇತ್ತು. ವನಸ್ಪತಿಯೋ, ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಸುಂಕವಿಲ್ಲದೆ ಬರಬಹುದಿತ್ತು. ಉಳಿದದ್ದು ನೀವೇ ಊಹಿಸಬಹುದು. ಅಲ್ಲಿ ವನಸ್ಪತಿ ಕಾರ್ಖಾನೆಗಳು ಎದ್ದವು. ಹಣ ಹೂಡಿದವರಲ್ಲಿ ಭಾರತೀಯರೇ ಹೆಚ್ಚು, ಮಾರುಕಟ್ಟೆಯೂ ಭಾರತವೇ. ಇಲ್ಲಿನ ವನಸ್ಪತಿ ತಯಾರಕರು ಬೊಬ್ಬೆ ಹಾಕಿದರು.

ಇದನ್ನು ತಡೆಯಲೆಂದೇ ಒಪ್ಪಂದದಲ್ಲಿ ಮೂಲದ ನಿಯಮಗಳು ಇರುತ್ತವೆ, ಅಂದರೆ ರೂಲ್ಸ್ ಆಫ್ ಒರಿಜಿನ್. ಶ್ರೀಲಂಕಾ ಒಪ್ಪಂದದಲ್ಲಿ ಮುಖ್ಯವಾಗಿ ಎರಡು ಪರೀಕ್ಷೆ. ಹೊರಗಿನಿಂದ ತಂದ ಕಚ್ಚಾವಸ್ತುವಿಗಿಂತ ಸಿದ್ಧ ವಸ್ತುವಿನ ಕಸ್ಟಮ್ಸ್ ಶೀರ್ಷಿಕೆಯ ನಾಲ್ಕಂಕಿ ಸಂಖ್ಯೆ ಬೇರೆ ಆಗಿರಬೇಕು. ಮತ್ತು ರಫ್ತು ಬೆಲೆಯಲ್ಲಿ ಕನಿಷ್ಠ ಶೇ 35 ಮೌಲ್ಯ ಆ ದೇಶದಲ್ಲೇ ಸೇರಿರಬೇಕು. ವನಸ್ಪತಿ ಮೊದಲ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತದೆ. ತಾಳೆ ಎಣ್ಣೆ 1511ರಲ್ಲಿ ಬರುತ್ತದೆ, ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಎಣ್ಣೆ 1516ರಲ್ಲಿ. ಎರಡನೆಯದಕ್ಕೆ ಲೆಕ್ಕ ಹೀಗೆ: 100 ರೂಪಾಯಿಯ ಎಣ್ಣೆ ತಂದರೆ, ಸಿದ್ಧ ವಸ್ತುವಿನ ರಫ್ತು ಬೆಲೆ ಸುಮಾರು 154 ರೂಪಾಯಿ ಆದರೂ ಇರಬೇಕು. ಎಣ್ಣೆಯನ್ನು ಗಟ್ಟಿ ಮಾಡಿ ಡಬ್ಬಕ್ಕೆ ತುಂಬುವುದರಲ್ಲಿ 54 ರೂಪಾಯಿಯ ಮೌಲ್ಯ ಹುಟ್ಟುವುದು ಸುಲಭವಲ್ಲ. ಆದರೆ ಎಣ್ಣೆಯ ಇನ್‌ವಾಯ್ಸ್‌ನಲ್ಲಿ ಬೆಲೆ ತಗ್ಗಿಸಿ, ವನಸ್ಪತಿಯ ಇನ್‌ವಾಯ್ಸ್‌ನಲ್ಲಿ ಏರಿಸಿದರೆ ಕಾಗದದ ಮೇಲೆ ಶೇ 35 ಬಂದುಬಿಡುತ್ತದೆ. ಭಾರತದಲ್ಲಿ ಸುಂಕವೇ ಇಲ್ಲದ ಸರಕಿನ ಬೆಲೆ ಏರಿಸಿ ತೋರಿಸಿದರೆ ಯಾರಿಗೂ ಹೆಚ್ಚು ತೆರಿಗೆ ಬೀಳುವುದಿಲ್ಲ. ತಾಮ್ರದ ವಿಷಯದಲ್ಲೂ ಇಂಥದೇ ದೂರುಗಳಿದ್ದವು.

ಕೊನೆಗೆ ಭಾರತ 2006ರಲ್ಲಿ ಶ್ರೀಲಂಕಾ ವನಸ್ಪತಿಗೆ ವರ್ಷಕ್ಕೆ 2.5 ಲಕ್ಷ ಟನ್ ಮಿತಿ ಹಾಕಿತು. 2008ರಲ್ಲಿ ಭಾರತವೇ ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಸೊನ್ನೆಗೆ ಇಳಿಸಿದಾಗ ಆ ಕಾರ್ಖಾನೆಗಳಿಗೆ ಇದ್ದ ಅನುಕೂಲವೇ ಹೋಯಿತು. ಎರಡು ಸುಂಕಗಳ ಅಂತರದ ಮೇಲೆ ನಿಂತ ಉದ್ಯಮ ಅದು, ಅಂತರ ಮಾಯವಾದಾಗ ಕುಸಿಯಿತು.

ಮೆಣಸಿನದ್ದು ಇದಕ್ಕಿಂತ ಸರಳ, ಪತ್ತೆ ಮಾಡುವುದು ಕಷ್ಟ. ಅಲ್ಲಿ ಕಾರ್ಖಾನೆಯೂ ಬೇಡ. ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಚೀಲ ಬದಲಿಸಿ, ಸರಕು ಶ್ರೀಲಂಕಾದ್ದೇ ಎನ್ನುವ ಮೂಲಪತ್ರ ಜೋಡಿಸಿದರೆ ಆಯಿತು ಎನ್ನುವುದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರ ಬಹುಕಾಲದ ದೂರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ತಂದದ್ದು ಈ ಒತ್ತಡದಿಂದಲೇ. 2020ರ ಸೆಪ್ಟೆಂಬರ್‌ನಿಂದ ಇನ್ನೊಂದು ನಿಯಮ ಬಂತು, ನಮ್ಮ ಕಡೆ ಅದನ್ನು ಕ್ಯಾರೊಟಾರ್ ಎನ್ನುತ್ತಾರೆ. ಮೊದಲು ಆ ದೇಶ ಕೊಟ್ಟ ಮೂಲಪತ್ರ ತೋರಿಸಿದರೆ ಸಾಕಿತ್ತು. ಈಗ ಸರಕು ಅಲ್ಲಿ ಹೇಗೆ ತಯಾರಾಯಿತು, ಎಷ್ಟು ಮೌಲ್ಯ ಸೇರಿತು ಎಂಬ ವಿವರ ಆಮದುದಾರನ ಹತ್ತಿರವೇ ಇರಬೇಕು. ಅಧಿಕಾರಿ ಕೇಳಿದಾಗ ‘ಸಪ್ಲೈಯರ್‌ನ ಕೇಳಿ ಹೇಳ್ತೀನಿ’ ಅಂದರೆ ಸುಂಕದ ವಿನಾಯಿತಿ ಹೋಗಬಹುದು.

ಕಸ್ಟಮ್ಸ್ ಯೂನಿಯನ್ ಆಗಿದ್ದರೆ ವನಸ್ಪತಿಯ ಈ ಗಲಾಟೆ ಹುಟ್ಟುತ್ತಲೇ ಇರಲಿಲ್ಲ. ಕೊಲಂಬೊದಲ್ಲೂ ತಾಳೆ ಎಣ್ಣೆಗೆ ಶೇ 80 ಕಟ್ಟಬೇಕಿದ್ದರೆ ಸುತ್ತುಬಳಸಿ ಬರುವುದರಲ್ಲಿ ಏನೂ ಗಿಟ್ಟುವುದಿಲ್ಲ. ಮೂಲಪತ್ರದ ರಗಳೆಯೂ ಇಲ್ಲ. ಆದರೆ ಅದರ ಬೆಲೆ ಕಟ್ಟುವವರು ಯಾರು ನೋಡಿ. ಸುಂಕ ಕಡಿಮೆ ಇಟ್ಟುಕೊಂಡಿದ್ದ ಶ್ರೀಲಂಕಾದವರು ತಮ್ಮ ಮನೆಯ ಎಣ್ಣೆಗೂ ಭಾರತದ ದರದಲ್ಲಿ ಸುಂಕ ಕೊಡಬೇಕಾಗುತ್ತಿತ್ತು. ತಮ್ಮ ಸುಂಕವನ್ನು ತಾವೇ ಬದಲಿಸುವ ಅಧಿಕಾರವೂ ಹೋಗುತ್ತಿತ್ತು. ಬೇರೆ ದೇಶದ ಜೊತೆ ಒಂಟಿಯಾಗಿ ಸುಂಕದ ಒಪ್ಪಂದ ಮಾಡುವ ಹಾಗೂ ಇಲ್ಲ. ಬ್ರೆಕ್ಸಿಟ್ ಸಮಯದಲ್ಲಿ ಬ್ರಿಟನ್ ಕಸ್ಟಮ್ಸ್ ಯೂನಿಯನ್‌ನಿಂದಲೂ ಹೊರಬರಲೇಬೇಕು ಎಂದು ಹಟ ಹಿಡಿದವರ ಮುಖ್ಯ ವಾದ ಇದೇ ಆಗಿತ್ತು.

ಹಾಗಂತ ಕಸ್ಟಮ್ಸ್ ಯೂನಿಯನ್ ಡೈವರ್ಷನ್ನನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಕೆಲವೊಮ್ಮೆ ಅದೇ ಜಾಸ್ತಿ ಮಾಡುತ್ತದೆ. ಬ್ರಿಟನ್ 1960ರಲ್ಲಿ ಇಎಫ್‌ಟಿಎ ಎಂಬ ಫ್ರೀ ಟ್ರೇಡ್ ಗುಂಪಿನಲ್ಲಿತ್ತು. ಆಗ ಹೊರಗಿನವರಿಗೆ ಅದರ ನೀತಿ ಅದರದ್ದೇ. ನ್ಯೂಜಿಲೆಂಡ್‌ನ ಅಗ್ಗದ ಬೆಣ್ಣೆ ಆರಾಮಾಗಿ ಬರುತ್ತಿತ್ತು. 1973ರಲ್ಲಿ ಕಸ್ಟಮ್ಸ್ ಯೂನಿಯನ್ ಆಗಿದ್ದ ಯುರೋಪಿನ ಸಮುದಾಯ ಸೇರಿದಾಗ ಆ ಬೆಣ್ಣೆಗೆ ಯುರೋಪಿನ ಎತ್ತರದ ಗೋಡೆ ಅಡ್ಡ ಬಂತು. ನ್ಯೂಜಿಲೆಂಡ್‌ಗೆ ವಿಶೇಷ ಕೋಟಾ ಕೊಡಬೇಕಾಯಿತು, ಅದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವಂಥದ್ದು. ಫ್ರೀ ಟ್ರೇಡ್ ಏರಿಯಾ ಸೇರಿದರೆ ಹೊರಗಿನವನ ಸುಂಕ ಇದ್ದಲ್ಲೇ ಇರುತ್ತದೆ. ಕಸ್ಟಮ್ಸ್ ಯೂನಿಯನ್ ಸೇರಿದರೆ ಅದು ಏರಲೂಬಹುದು. ನನ್ನ ಮಟ್ಟಿಗೆ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದು, ಪಠ್ಯಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಯಾವುದು ನಡೆದಿದೆ ಎಂದು ಅಂಕಿಅಂಶ ನೋಡಿ ಗುರುತಿಸಬೇಕಾದರೆ ಹೀಗೆ ಮಾಡಿ. ಪಾಲುದಾರ ದೇಶದಿಂದ ಆಮದು ಏರಿ, ಒಟ್ಟು ಆಮದೂ ಏರಿ, ಇಲ್ಲಿನ ಉತ್ಪಾದನೆ ಇಳಿದಿದ್ದರೆ ಬಹುತೇಕ ಕ್ರಿಯೇಷನ್. ಒಟ್ಟು ಆಮದು ಅಷ್ಟೇ ಇದ್ದು ಪಾಲುದಾರನದ್ದು ಏರಿ, ಹೊರಗಿನವನದ್ದು ಇಳಿದಿದ್ದರೆ ಡೈವರ್ಷನ್. ನಂತರ ಪಾಲುದಾರ ದೇಶದ ಆಮದಿನ ಪಟ್ಟಿಯನ್ನೂ ತೆಗೆದು ನೋಡಿ. ನಮಗೆ ಕಳಿಸುತ್ತಿರುವ ಅದೇ ಸರಕನ್ನೋ ಅದರ ಕಚ್ಚಾವಸ್ತುವನ್ನೋ ಅವರು ಹೊರಗಿನಿಂದ ಅಷ್ಟೇ ವೇಗದಲ್ಲಿ ತರಿಸಿಕೊಳ್ಳುತ್ತಿದ್ದರೆ ಡಿಫ್ಲೆಕ್ಷನ್ ಅನುಮಾನ ಪಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಭಾರತ ಖಾದ್ಯತೈಲದ ಸುಂಕ ಏರಿಸಿದ ಮೇಲೆ ನೇಪಾಳದಿಂದ ಸೋಯಾ ಎಣ್ಣೆ ಇಲ್ಲಿಗೆ ಹೇಗೆ ಹರಿದು ಬಂತು ನೋಡಿ. ಅಷ್ಟು ಎಣ್ಣೆಗೆ ಬೇಕಾಗುವ ಸೋಯಾವನ್ನು ನೇಪಾಳ ಬೆಳೆಯುವುದೇ ಇಲ್ಲ. ಎರಡೂ ದೇಶಗಳ ವ್ಯಾಪಾರದ ಅಂಕಿಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಸೋಯಾ ಎಣ್ಣೆಯ 1507 ಎಂಬ ಶೀರ್ಷಿಕೆಯಿಂದ ಹುಡುಕಲು ಶುರು ಮಾಡಿ.