1287 ಬರ್ಬೇಕಾದಲ್ಲಿ 2002 ಯಾಕೆ ಬಂತು?

ಪ್ರಶ್ನೆ: ಸರ್, ಡೊಂಬಿವಲಿಯಿಂದ ಬರೀತಿದೀನಿ, ಹನ್ನೊಂದನೇ ಕ್ಲಾಸು. ಪರ್ಮ್ಯುಟೇಶನ್ ಯಾವಾಗ, ಕಾಂಬಿನೇಶನ್ ಯಾವಾಗ ಅಂತ ಗೊತ್ತೇ ಆಗಲ್ಲ. 15 ಪ್ಲೇಯರ್ಸ್, ಅದ್ರಲ್ಲಿ ಇಬ್ರು ಕೀಪರ್ಸ್, 11 ಜನರ ಟೀಮಲ್ಲಿ ಒಬ್ಬ ಕೀಪರ್ ಆದ್ರೂ ಇರ್ಬೇಕು ಅನ್ನೋ ಲೆಕ್ಕಕ್ಕೆ ನಂಗೆ 2002 ಬಂತು, ಪುಸ್ತಕದಲ್ಲಿ 1287 ಇದೆ.

ಉತ್ತರ: ಲೋಕಲ್ ಟ್ರೇನಲ್ಲಿ ಮೂರು ಜನ ಕೂರೋ ಸೀಟ್ ಖಾಲಿ ಇದೆ, ನೀವು ಐದು ಜನ ಫ್ರೆಂಡ್ಸ್ ಅನ್ಕೋ (ಫೋರ್ತ್ ಸೀಟ್ ಕತೆ ಬೇಡ ಈಗ). ಕಿಟಕಿ ಹತ್ರ ಐದ್ರಲ್ಲಿ ಯಾರಾದ್ರೂ ಕೂರ್ಬಹುದು, ಮಧ್ಯಕ್ಕೆ ಉಳಿದ ನಾಲ್ವರಲ್ಲಿ ಒಬ್ರು, ಕೊನೇಲಿ ಮೂವರಲ್ಲಿ ಒಬ್ರು, 5×4×3 = 60. ಕಿಟಕಿಯವ್ರೂ ಮಧ್ಯದವ್ರೂ ಜಾಗ ಬದಲಾಯಿಸ್ಕೊಂಡ್ರೆ ಅದು ಬೇರೆ ಅರೇಂಜ್‌ಮೆಂಟ್, ಬೆಳಗ್ಗೆ ಸಿಎಸ್‌ಟಿ ಲೋಕಲ್ ಹಿಡಿಯೋರಿಗೆ ಇದನ್ನ ಹೇಳೋದೇ ಬೇಡ. ಇದು ಪರ್ಮ್ಯುಟೇಶನ್. ಯಾವ ಮೂರು ಜನಕ್ಕೆ ಸೀಟ್ ಸಿಕ್ತು ಅಂತ ಅಷ್ಟೇ ಕೇಳಿದ್ರೆ, ಅದೇ ಮೂವರು 6 ಥರ ಕೂರ್ಬಹುದಲ್ವಾ, ಆ ಆರನ್ನೂ ಒಂದೇ ಅಂತ ಎಣಿಸ್ಬೇಕು, 60÷6 = 10. ಇದು ಕಾಂಬಿನೇಶನ್. ಅಂದ್ರೆ ಪ್ರಶ್ನೆಯಲ್ಲಿ ಯಾವ ಪದ ಇದೆ ಅಂತ ಹುಡುಕ್ಬೇಡ, ಇಬ್ರನ್ನ ಅದಲು ಬದಲು ಮಾಡಿ ನೋಡು, ಏನಾದ್ರೂ ಬದಲಾಯ್ತಾ ಅಂತ.

ಟೀಮ್ ಲಿಸ್ಟಲ್ಲಿ ಹೆಸ್ರು ಮೇಲೆ ಕೆಳಗೆ ಮಾಡಿದ್ರೆ ಟೀಮ್ ಬದಲಾಗಲ್ಲ, ಹಾಗಾಗಿ ¹⁵C₁₁ = 1365. ಬ್ಯಾಟಿಂಗ್ ಆರ್ಡರ್ ಕೇಳಿದ್ರೆ ಮಾತ್ರ ಕತೆ ಬೇರೆ.

ಈಗ ನಿನ್ನ ಲೆಕ್ಕ. ಕಂಡೀಶನ್ ಏನೂ ಇಲ್ದೇನೇ ಆಗೋ ಟೀಮ್‌ಗಳು 1365, ಕಂಡೀಶನ್ ಹಾಕಿದ್ಮೇಲೆ 2002 ಹೇಗಾಗತ್ತೆ? ಅಲ್ಲೇ ಡೌಟ್ ಬರ್ಬೇಕಿತ್ತು. ನೀನು ಮಾಡಿರೋದು ಬಹುಶಃ ಹೀಗೆ: ಇಬ್ರಲ್ಲಿ ಒಬ್ಬ ಕೀಪರ್‌ನ ಆರಿಸಿ, ಉಳಿದ 14ರಲ್ಲಿ 10 ಜನ, 2×1001 = 2002. ಬರೀ C ಹಾಕಿದೀನಿ, ಆರ್ಡರ್ ಎಲ್ಲಿಂದ ಬಂತು ಅಂತ ಅನ್ಸತ್ತೆ, ಆದ್ರೆ ಕಳ್ಳದಾರೀಲಿ ಬಂದಿದೆ. ಕೀಪರ್‌ಗಳು ರವಿ, ಸುರೇಶ ಅನ್ಕೋ. ಇಬ್ರೂ ಇರೋ ಒಂದು ಟೀಮ್‌ನ ತಗೋ: ರವಿಯನ್ನ ಮೊದ್ಲು ಕೀಪರ್ ಅಂತ ಆರಿಸಿ ಸುರೇಶನ್ನ ಆ ಹತ್ತು ಜನರಲ್ಲಿ ಸೇರಿಸಿದಾಗ ಒಂದ್ಸಲ, ಸುರೇಶನ್ನ ಮೊದ್ಲು ಆರಿಸಿ ರವಿಯನ್ನ ಆಮೇಲೆ ಸೇರಿಸಿದಾಗ ಇನ್ನೊಂದ್ಸಲ, ಅದೇ ಟೀಮು ಎರಡು ಸಲ ಎಣಿಕೆಗೆ ಬಂತು.

ಅದಕ್ಕೇ ಬೇರೆ ಬೇರೆ ಮಾಡು. ಒಬ್ಬನೇ ಕೀಪರ್ ಇರೋ ಟೀಮ್: 2×¹³C₁₀ = 2×286 = 572. ಇಬ್ರೂ ಇರೋದು: ¹³C₉ = 715. ಕೂಡಿದ್ರೆ 1287. ನಿಂಗೆ ಜಾಸ್ತಿ ಬಂದಿದ್ದು 2002−1287, ಸರಿಯಾಗಿ 715, ಅಂದ್ರೆ ಆ ಎರಡೆರಡು ಸಲ ಎಣಿಸಿದ ಟೀಮ್‌ಗಳೇ. ಪರೀಕ್ಷೇಲಿ ಟೈಮ್ ಇಲ್ಲ ಅಂದ್ರೆ ಇನ್ನೂ ಸುಲಭ ಇದೆ, ಕೀಪರೇ ಇಲ್ಲದ ಟೀಮ್‌ಗಳು ¹³C₁₁ = 78, ಅದನ್ನ 1365ರಿಂದ ಕಳೆದುಬಿಡು.