ಇಳಿಜಾರಿನ ಕಬ್ಬಿಗೆ ರೇನ್ ಗನ್: ಮೇಲೆ ನೀರು ಎಟುಕದು, ಕೆಳಗೆ ಹರಿದುಹೋಗುತ್ತದೆ

ಪ್ರಶ್ನೆ: ನಮ್ಮ ಕಬ್ಬಿನ ಹೊಲ ಇಳಿಜಾರಾಗಿದೆ. ಪಂಪು ಕೆಳಗಿದೆ, ಮೇಲಿನ ತುದಿ ಅದಕ್ಕಿಂತ 12 ಮೀಟರ್ ಎತ್ತರ. 12 ಮಿ.ಮೀ. ನಾಜಲ್ ಇರುವ ಗನ್‌ಗಳನ್ನು 24 ಮೀಟರಿಗೊಂದರಂತೆ ನಿಲ್ಲಿಸುತ್ತೇವೆ. ಕೆಳಗಿನ ಗನ್ ಹತ್ತಿರ ಗೇಜ್ 3.5 ಕೆ.ಜಿ. ತೋರಿಸುತ್ತದೆ, ನೀರು ದೂರ ಹಾರುತ್ತದೆ, ಆದರೆ ಹರಿದುಹೋಗುತ್ತದೆ. ಮೇಲೆ ನೀರು ಹತ್ತಿರದಲ್ಲೇ ದಪ್ಪ ಹನಿಯಾಗಿ ಬೀಳುತ್ತದೆ. ದೊಡ್ಡ ಪಂಪು ಹಾಕಬೇಕೇ?

ಉತ್ತರ: ಈಗಲೇ ಬೇಡ. 10 ಮೀಟರ್ ಏರಿದರೆ ಸುಮಾರು 1 ಕೆ.ಜಿ. ಒತ್ತಡ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಎತ್ತರಕ್ಕೇ 1.2 ಕೆ.ಜಿ. ಹೋಯಿತು. ಪೈಪಿನ ಘರ್ಷಣೆಗೆ 0.3 ಹೋದರೂ ಮೇಲಿನ ಗನ್‌ಗೆ ಉಳಿಯುವುದು 2 ಕೆ.ಜಿ. ಅಷ್ಟು ಒತ್ತಡಕ್ಕೆ ಧಾರೆ ಸರಿಯಾಗಿ ಒಡೆಯುವುದಿಲ್ಲ. ದಪ್ಪ ಹನಿ ಬಡಿದು ಮಣ್ಣಿನ ಮೇಲೆ ಪದರ ಕಟ್ಟುತ್ತದೆ, ಆಮೇಲೆ ನೀರು ಇಂಗದು.

ಈಗ ಕೆಳಗಿನ ಲೆಕ್ಕ. 3.5 ಕೆ.ಜಿ.ಗೆ 12 ಮಿ.ಮೀ. ನಾಜಲ್ ಗಂಟೆಗೆ ಸುಮಾರು 10,000 ಲೀಟರ್ ಬಿಡುತ್ತದೆ. ಒಂದು ಗನ್‌ನ ಪಾಲಿನ ಜಾಗ 24 × 24, ಅಂದರೆ 576 ಚದರ ಮೀಟರ್. ಲೀಟರನ್ನು ಚದರ ಮೀಟರಿನಿಂದ ಭಾಗಿಸಿದರೆ ಗಂಟೆಗೆ 17 ಮಿ.ಮೀ. ಮಳೆ. ಎರೆಮಣ್ಣು, ಅದೂ ಇಳಿಜಾರಿನಲ್ಲಿ, ಇಷ್ಟು ಕುಡಿಯುವುದಿಲ್ಲ. ಪಂಪು ದೊಡ್ಡದಾದರೆ ಕೆಳಗೆ ಇನ್ನೂ ಹರಿಯುತ್ತದೆ. ಅಂಚಿನಲ್ಲಿ ಗನ್‌ಅನ್ನು ಅರ್ಧ ಸುತ್ತಿಗೆ ಕಟ್ಟಿದ್ದರೆ ಅಲ್ಲಿ ಅದೇ ನೀರು ಅರ್ಧ ಜಾಗಕ್ಕೆ ಬೀಳುತ್ತದೆ ಎಂಬುದೂ ನೆನಪಿರಲಿ.

ಮೊದಲು 10 ಮಿ.ಮೀ. ನಾಜಲ್ ಹಾಕಿ. 3 ಕೆ.ಜಿ.ಗೆ ಅದು ಗಂಟೆಗೆ ಸುಮಾರು 6,500 ಲೀಟರ್ ಬಿಡುತ್ತದೆ, ಅಂದರೆ 11 ಮಿ.ಮೀ. ಮಳೆ. ಹರಿವು ಕಡಿಮೆಯಾದಾಗ ಪೈಪಿನ ಘರ್ಷಣೆ ಇಳಿಯುತ್ತದೆ, ಸೆಂಟ್ರಿಫ್ಯೂಗಲ್ ಪಂಪಿನ ಒತ್ತಡವೂ ತುಸು ಏರುತ್ತದೆ. ಇದರ ಲಾಭ ಮೇಲಿನ ಗನ್‌ಗೇ. ಎಸೆತ ಒಂದೆರಡು ಮೀಟರ್ ಕುಗ್ಗುವುದು ಖಂಡಿತ, ಹಾಗಾಗಿ ಟೇಪ್ ಹಿಡಿದು ಅಳೆಯಿರಿ. ಗನ್‌ನಿಂದ 22 ಮೀಟರ್ ತಲುಪಿದರೆ 24ರ ಅಂತರ ನಡೆಯುತ್ತದೆ.

ಗನ್‌ಗಳ ಸಾಲು ಇಳಿಜಾರಿಗೆ ಅಡ್ಡವಾಗಿರಲಿ. ಆಗ ಒಂದು ಸಾಲಿನವೆಲ್ಲ ಒಂದೇ ಎತ್ತರದಲ್ಲಿರುತ್ತವೆ, ಸಾಲಿನ ಬಾಯಲ್ಲಿ ಒಂದು ಗೇಟ್ ವಾಲ್ವ್ ಸಾಕು. ಕೆಳಗಿನ ಸಾಲಿನಲ್ಲಿ ಅದನ್ನು ತಿರುಗಿಸಿ, ಗನ್ ಬುಡದ ಗೇಜ್ 3 ತೋರುವಂತೆ ಮಾಡಿ. ಪಂಪಿನ ಬಳಿಯ ಗೇಜ್ ನಂಬಿ ಕೂರಬೇಡಿ. ಮೇಲಿನ ಸಾಲಿಗೆ ಪೂರ್ತಿ ತೆರೆದಿಟ್ಟು, ಏಕಕಾಲಕ್ಕೆ ಕಡಿಮೆ ಗನ್ ನಡೆಸಿ. ಇಷ್ಟಾದರೂ ಅಲ್ಲಿ 2.5 ಮುಟ್ಟದಿದ್ದರೆ ಆಗ ಪಂಪಿನ ಮಾತು.

ಸ್ಟ್ಯಾಂಡ್ ತೀರಾ ನೆಟ್ಟಗಿದ್ದರೆ ಏರಿನ ಕಡೆಯ ಧಾರೆ ಬೇಗ ನೆಲ ಮುಟ್ಟುತ್ತದೆ, ಇಳಿಜಾರಿನ ಕಡೆಯದು ಮುಂದೆ ಹೋಗಿ ಬೀಳುತ್ತದೆ. ತಲೆಯನ್ನು ಇಳಿಜಾರಿನ ಕಡೆಗೆ ತುಸು ವಾಲಿಸಿ. ನೂರಕ್ಕೆ ಹತ್ತರ ಇಳಿಜಾರಿಗೆ 3 ಡಿಗ್ರಿ ಸಾಕು. ಹೆಚ್ಚಾದರೆ ಗನ್ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ತಿರುಗುತ್ತದೆ.

ಒಂದು ಸರದಿಯಲ್ಲಿ ಎಷ್ಟು ಹೊತ್ತು ಎಂಬುದನ್ನು ಮಣ್ಣೇ ಹೇಳುತ್ತದೆ. ಸಾಲಿನ ತಗ್ಗಿನಲ್ಲಿ ನೀರು ಹೊಳೆಯಲು ಶುರುವಾದ ನಿಮಿಷ ಬರೆದುಕೊಳ್ಳಿ. ಅಲ್ಲಿಗೆ ನಿಲ್ಲಿಸಿ ಮುಂದಿನ ಸಾಲಿಗೆ ಹೋಗಿ. ಹೊಳಪು ಇಂಗಿದ ಮೇಲೆ ಉಳಿದದ್ದನ್ನು ಎರಡನೇ ಸರದಿಯಲ್ಲಿ ಕೊಡಿ.